ದರ ಬದಲಾದಾಗ ಹಳೆಯ ದರವನ್ನು ಅಳಿಸಬೇಡಿ

ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ನಾವು ತಯಾರಿಸುವ ಬಿಡಿಭಾಗಗಳನ್ನು ತುಂಬಿ ಕಳುಹಿಸಲು ತಿಂಗಳಿಗೆ ಸುಮಾರು 2,000 ರಟ್ಟಿನ ಪೆಟ್ಟಿಗೆಗಳು ಬೇಕು. ಅದೇ ಅಳತೆ, ಅದೇ ಮುದ್ರಣ, ವರ್ಷವಿಡೀ ಬದಲಾವಣೆ ಇಲ್ಲ. ಇಂಥ ವಸ್ತುವಿಗೆ ಪ್ರತಿ ತಿಂಗಳೂ ಕೊಟೇಶನ್ ಕೇಳಿ ಹೊಸ ಪರ್ಚೇಸ್ ಆರ್ಡರ್ ಮಾಡುವುದು ವ್ಯರ್ಥ ಶ್ರಮ. ಆದ್ದರಿಂದ ವರ್ಷಕ್ಕೊಮ್ಮೆ ಕುಳಿತು ದರ ನಿಗದಿ ಮಾಡಿ, ಬೇಕಾದಾಗ ಬೇಕಾದಷ್ಟಕ್ಕೆ ರಿಲೀಸ್ ಆರ್ಡರ್ ಕಳುಹಿಸುತ್ತೇವೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ಸಂಗತಿ. ಏಟು ಬೀಳುವುದು ದರದ ಅವಧಿ ಮುಗಿಯುವ ವಾರದಲ್ಲಿ. ಆ ಒಂದು ವಾರದ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ, ಏಕೆಂದರೆ ಅನೇಕ ಕಚೇರಿಗಳಲ್ಲಿ ಎರಡನ್ನೂ ಒಂದೇ ಎಂದು ತಿಳಿದಿದ್ದಾರೆ. ರೇಟ್ ಕಾಂಟ್ರಾಕ್ಟ್ ಎಂದರೆ ಸಾಮಾನ್ಯವಾಗಿ ದರದ ಮಾತು ಮಾತ್ರ. ಇಷ್ಟೇ ಕೊಳ್ಳುತ್ತೇವೆ ಎಂಬ ಭರವಸೆ ಅದರಲ್ಲಿ ಇರುವುದಿಲ್ಲ. ಬ್ಲಾಂಕೆಟ್ ಆರ್ಡರ್‌ನಲ್ಲಿ ದರದ ಜೊತೆಗೆ ಪ್ರಮಾಣವೂ ಇರುತ್ತದೆ, 24,000 ಪೆಟ್ಟಿಗೆ ಎಂಬಂತೆ. ಎರಡರಲ್ಲೂ ಸರಕು ಹೊರಡುವುದು ರಿಲೀಸ್ ಆರ್ಡರ್ ಹೋದ ಮೇಲೆಯೇ. ಬರೀ ಅಂದಾಜಾಗಿ ಬರೆದ ಪ್ರಮಾಣವನ್ನು ಸರಬರಾಜುದಾರರು ಭರವಸೆ ಎಂದು ನಂಬಿ ಕಾಗದ ಕೊಂಡು ದಾಸ್ತಾನು ಮಾಡಿದರೆ ನಷ್ಟ ಅವರದು. ಹಾಗಾಗಿ ನಿಮ್ಮದು ಯಾವ ಬಗೆಯದು ಎಂಬುದನ್ನು ಒಪ್ಪಂದದ ಮೊದಲ ಪುಟದಲ್ಲೇ ಬರೆಯಿರಿ.

ಈಗ ನಡೆದ ಸಂಗತಿಗೆ ಬರುತ್ತೇನೆ. ನಮ್ಮ ಒಪ್ಪಂದ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ, ಪೆಟ್ಟಿಗೆಗೆ 46 ರೂಪಾಯಿ. ಮಾರ್ಚ್ 26ರಂದು 2,000 ಪೆಟ್ಟಿಗೆಗಳಿಗೆ ರಿಲೀಸ್ ಕಳುಹಿಸಿದೆವು. ಸಾವಿರ ಮಾರ್ಚ್ 30ರಂದು, ಉಳಿದ ಸಾವಿರ ಏಪ್ರಿಲ್ 8ರಂದು ಬರಬೇಕು ಎಂದು ಅದರಲ್ಲಿ ಬರೆದಿತ್ತು. ಎರಡೂ ಕಂತು ಹೇಳಿದ ದಿನವೇ ಬಂದವು. ಆದರೆ ಹೊಸ ವರ್ಷದ ದರದ ಮಾತುಕತೆ ಮುಗಿದದ್ದು ಏಪ್ರಿಲ್ 12ಕ್ಕೆ, ಜಾರಿ ಏಪ್ರಿಲ್ 1ರಿಂದ ಎಂದು ಒಪ್ಪಿಕೊಂಡೆವು.

ಹೊಸ ದರ ಹೇಗೆ ಬಂತು ಎಂದೂ ಹೇಳಬೇಕು. ಒಂದು ಪೆಟ್ಟಿಗೆಯ ತೂಕ 850 ಗ್ರಾಂ. ಕತ್ತರಿಸುವಾಗ ಹಾಳಾಗುವ ಶೇಕಡಾ 5 ಸೇರಿಸಿದರೆ ಪೆಟ್ಟಿಗೆಯೊಂದಕ್ಕೆ 892.5 ಗ್ರಾಂ ಕ್ರಾಫ್ಟ್ ಕಾಗದ ಬೇಕು. ಒಪ್ಪಂದ ಮಾಡುವಾಗ ಕಾಗದ ಕಿಲೋಗೆ 34 ರೂಪಾಯಿ ಇದ್ದದ್ದು 38 ಆಗಿತ್ತು. ನಾಲ್ಕು ರೂಪಾಯಿ ಏರಿಕೆಯನ್ನು 0.8925ರಿಂದ ಗುಣಿಸಿದರೆ 3 ರೂಪಾಯಿ 57 ಪೈಸೆ. ಅಂದರೆ ಹೊಸ ದರ 49 ರೂಪಾಯಿ 57 ಪೈಸೆ. ಕೂಲಿ, ವಿದ್ಯುತ್, ಲಾಭ ಯಾವುದನ್ನೂ ಮುಟ್ಟಲಿಲ್ಲ. ಹೀಗೆ ಕಾಗದದ ಲೆಕ್ಕ ಬೇರೆ ಇಟ್ಟರೆ ಮಾತುಕತೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ಕಾಗದ ಇಳಿದಾಗ ಇಳಿಸಿ ಎಂದು ಕೇಳಲು ನಮಗೂ ಮುಖ ಇರುತ್ತದೆ. 2021ರಲ್ಲಿ ಕ್ರಾಫ್ಟ್ ಕಾಗದದ ಬೆಲೆ ಜಿಗಿದಾಗ, ಇಂಥ ಷರತ್ತಿಲ್ಲದೆ ವರ್ಷಪೂರ್ತಿ ಒಂದೇ ದರಕ್ಕೆ ಸಹಿ ಮಾಡಿದ್ದ ಸಣ್ಣ ಘಟಕಗಳ ಪಾಡು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ದರ ಒಪ್ಪಿಗೆಯಾಯಿತು. ನಮ್ಮ ವಿಭಾಗದಲ್ಲಿ ಹೊಸದಾಗಿ ಸೇರಿದ್ದ ಹುಡುಗ ಖರೀದಿ, ದಾಸ್ತಾನು, ಲೆಕ್ಕ ಎಲ್ಲವನ್ನೂ ಇಡುವ ಇಆರ್‌ಪಿ ಸಾಫ್ಟ್‌ವೇರ್‌ನಲ್ಲಿ ಹಳೆಯ ಒಪ್ಪಂದವನ್ನೇ ತೆರೆದು, 46 ಇದ್ದಲ್ಲಿ 49.57 ಎಂದು ತಿದ್ದಿ, ಮುಕ್ತಾಯ ದಿನಾಂಕವನ್ನು ಮುಂದಿನ ಮಾರ್ಚ್‌ಗೆ ತಳ್ಳಿ, ಪ್ರಮಾಣವನ್ನು 48,000 ಮಾಡಿ ಉಳಿಸಿದ. ಅವನ ತಪ್ಪು ಎನ್ನಲಾರೆ, ಹಾಗೆ ಮಾಡಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಎರಡು ದಿನ ಬಿಟ್ಟು ಮಾರ್ಚ್ 26ರ ರಿಲೀಸ್‌ನಲ್ಲಿ ಸಾಗಣೆಯ ವಿವರ ಸರಿಪಡಿಸಲು ಅದನ್ನು ತೆರೆದಾಗ, ದರವನ್ನು ಒಪ್ಪಂದದಿಂದ ಮತ್ತೆ ತರಲೇ ಎಂದು ಸಿಸ್ಟಂ ಕೇಳಿತು. ಆತ ಹೌದು ಎಂದ. ಆ ಕ್ಷಣಕ್ಕೆ ಎರಡೂ ಕಂತುಗಳ ದರ 49.57 ಆಯಿತು, ಮಾರ್ಚ್ 30ಕ್ಕೆ ಬಂದು ಗೋದಾಮು ಸೇರಿದ್ದ ಸಾವಿರ ಪೆಟ್ಟಿಗೆಗಳದ್ದೂ ಸೇರಿ.

ಸರಬರಾಜುದಾರರು ಎರಡೂ ಬಿಲ್‌ಗಳನ್ನು 46ರ ದರದಲ್ಲೇ ಕೊಟ್ಟಿದ್ದರು, ಏಕೆಂದರೆ ಅವರ ಕೈಯಲ್ಲಿದ್ದ ರಿಲೀಸ್‌ನಲ್ಲಿ ಇದ್ದದ್ದು ಅದೇ. ಆರ್ಡರ್, ಸರಕು ಸ್ವೀಕೃತಿ, ಬಿಲ್ ಈ ಮೂರನ್ನೂ ಹೋಲಿಸಿ ನೋಡುವ ಅಕೌಂಟ್ಸ್‌ನವರ ಪರದೆಯಲ್ಲಿ ಎರಡೂ ಬಿಲ್‌ಗಳು ಕೆಂಪಾಗಿ ನಿಂತವು. 92,000 ರೂಪಾಯಿ, ತೆರಿಗೆ ಬೇರೆ. ಯಾರೂ ಯಾರಿಗೂ ಹೇಳಲಿಲ್ಲ. ಮೇ 20ರಂದು ಆ ಘಟಕದ ಮಾಲೀಕರು ನನಗೆ ಫೋನ್ ಮಾಡಿದರು.

“ಮೇಡಂ, ಹೊಸ ದರದ ವ್ಯತ್ಯಾಸ ನಿಧಾನಕ್ಕೆ ಕೊಡಿ, ಪರವಾಗಿಲ್ಲ. ಮಾರ್ಚ್ ತಿಂಗಳ ಬಿಲ್ ಏಕೆ ನಿಲ್ಲಿಸಿದ್ದೀರಿ? ಕಾಗದದವರಿಗೆ ನಾನು ಏನು ಹೇಳಲಿ?”

ಮಾರ್ಚ್ 30ರಿಂದ ಅಂದಿಗೆ 51 ದಿನಗಳಾಗಿದ್ದವು. ಸಣ್ಣ ಉದ್ದಿಮೆಗಳಿಗೆ ಹಣ ಕೊಡುವುದು ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ ಎಂದು ಎಂಎಸ್‌ಎಂಇ ಕಾಯಿದೆ ಹೇಳುತ್ತದೆ. ಕಾನೂನಿನ ಮಾತು ಹಾಗಿರಲಿ, ಹತ್ತು ಜನ ಕೆಲಸ ಮಾಡುವ ಘಟಕದ ಮಾಲೀಕರಿಗೆ ನಾನು ಉತ್ತರ ಕೊಡಲಾಗದೆ ಫೋನ್ ಹಿಡಿದು ಕುಳಿತಿದ್ದೆ.

ಸರಿಯಾದ ಕ್ರಮ ಬಹಳ ಸರಳ. ದರ ಬದಲಾದಾಗ ಹಳೆಯ ಸಾಲನ್ನು ತಿದ್ದಬಾರದು. ಅದರ ಅವಧಿಯನ್ನು ಮಾರ್ಚ್ 31ಕ್ಕೆ ಮುಗಿಸಿ, ಏಪ್ರಿಲ್ 1ರಿಂದ ಶುರುವಾಗುವ ಹೊಸ ಸಾಲು ಸೇರಿಸಬೇಕು. ಆಗ ಯಾವ ದಿನಾಂಕಕ್ಕೆ ಕೇಳಿದರೂ ಸಿಸ್ಟಂ ಆ ದಿನದ ದರವನ್ನೇ ಕೊಡುತ್ತದೆ. ಸ್ಯಾಪ್ ಎಂಬ ಇಆರ್‌ಪಿಯಲ್ಲಿ ಒಪ್ಪಂದಕ್ಕೆ ಒಂದು ಅವಧಿ, ಅದರೊಳಗಿನ ದರಕ್ಕೆ ಬೇರೆಯದೇ ಅವಧಿ ಇಡಬಹುದು, ಆದ್ದರಿಂದ ಇದು ಸುಲಭ. ಆದರೆ ಅಲ್ಲೂ ಒಂದು ಎಚ್ಚರ ಬೇಕು, ಒಪ್ಪಂದದ ದಿನಾಂಕವನ್ನು ಮುಂದಕ್ಕೆ ಹಾಕಿದ ಮಾತ್ರಕ್ಕೆ ದರದ ಅವಧಿಯೂ ಮುಂದಕ್ಕೆ ಹೋಯಿತು ಎಂದುಕೊಳ್ಳಬಾರದು. ಇನ್ನೊಂದು ಸಾಫ್ಟ್‌ವೇರ್ ಆದ ಇಆರ್‌ಪಿನೆಕ್ಸ್ಟ್‌ನ ಬ್ಲಾಂಕೆಟ್ ಆರ್ಡರ್‌ನಲ್ಲಿ ಅವಧಿ ಇರುವುದು ಇಡೀ ಆರ್ಡರ್‌ಗೆ, ವಸ್ತುವಿನ ಸಾಲಿನಲ್ಲಿ ಒಂದೇ ದರ. ಅಲ್ಲಿ ದರ ಬದಲಾದರೆ ಹೊಸ ಬ್ಲಾಂಕೆಟ್ ಆರ್ಡರ್ ಮಾಡುವುದೇ ಮೇಲು.

ಇಷ್ಟಾದರೂ ಪ್ರಶ್ನೆ ಉಳಿಯುತ್ತದೆ, ಏಪ್ರಿಲ್ 8ರ ಸಾವಿರ ಪೆಟ್ಟಿಗೆಗಳಿಗೆ ಯಾವ ದರ? ರಿಲೀಸ್ ಹೊರಟ ದಿನದ್ದೋ, ಬರಬೇಕಿದ್ದ ದಿನದ್ದೋ, ನಿಜವಾಗಿ ಬಂದ ದಿನದ್ದೋ? ನಮ್ಮ ಅಕೌಂಟ್ಸ್‌ನವರು ಮೊದಲನೆಯದು ಎಂದರು. ಮಾಲೀಕರು, ಹೊಸ ಬೆಲೆಗೆ ಕೊಂಡ ಕಾಗದದಲ್ಲಿ ಮಾಡಿದ್ದು, ಆದ್ದರಿಂದ ಬಂದ ದಿನದ್ದು ಎಂದರು. ನಮ್ಮ ಒಪ್ಪಂದ ಈ ವಿಷಯದಲ್ಲಿ ಮೌನವಾಗಿತ್ತು. 3,570 ರೂಪಾಯಿಯ ಪ್ರಶ್ನೆ ಅದು, ಆದರೆ ಬರವಣಿಗೆಯಲ್ಲಿ ಇಲ್ಲದಿದ್ದರಿಂದ ನಾಲ್ಕು ಜನ ಮೂರು ಸಲ ಸಭೆ ಸೇರಿದೆವು.

ಸ್ಯಾಪ್‌ನಲ್ಲಿ ದರಕ್ಕೆ ಯಾವ ದಿನಾಂಕ ಹಿಡಿಯಬೇಕು ಎಂದು ಸರಬರಾಜುದಾರರ ದಾಖಲೆಯಲ್ಲೇ ಆರಿಸಿಡಬಹುದು. ಆರ್ಡರ್ ದಿನಾಂಕ, ಡೆಲಿವರಿ ದಿನಾಂಕ, ಸರಕು ಸ್ವೀಕರಿಸಿದ ದಿನಾಂಕ ಎಲ್ಲವೂ ಅಲ್ಲಿವೆ. ಬಹಳ ಕಡೆ ಅದನ್ನು ಯಾರೂ ಮುಟ್ಟಿರುವುದಿಲ್ಲ. ಆದರೆ ಆಯ್ಕೆಗೆ ತಕ್ಕಂತೆ ಜನರ ನಡತೆ ಬದಲಾಗುತ್ತದೆ. ಆರ್ಡರ್ ದಿನಾಂಕ ಹಿಡಿದರೆ ಖರೀದಿಯವರು ಮಾರ್ಚ್ 29ಕ್ಕೆ ಮೂರು ತಿಂಗಳ ಪೆಟ್ಟಿಗೆಗಳನ್ನು ಹಳೆಯ ದರಕ್ಕೆ ರಿಲೀಸ್ ಮಾಡಿಬಿಡುತ್ತಾರೆ. ಇದನ್ನು ಜಾಣತನ ಎಂದು ಬೆನ್ನು ತಟ್ಟುವುದನ್ನು ನೋಡಿದ್ದೇನೆ, ನನಗೆ ಅದು ಅನ್ಯಾಯವಾಗಿಯೇ ಕಾಣುತ್ತದೆ. ಬಂದ ದಿನಾಂಕ ಹಿಡಿದರೆ, ಮಾರ್ಚ್ 30ಕ್ಕೆ ಬರಬೇಕಿದ್ದ ಲಾರಿ ಏಪ್ರಿಲ್ 2ಕ್ಕೆ ಬರುತ್ತದೆ. ನಾನು ರಿಲೀಸ್‌ನಲ್ಲಿ ಬರೆದ ಡೆಲಿವರಿ ದಿನಾಂಕದ ಪರ. ಅದು ಇಬ್ಬರಿಗೂ ಮೊದಲೇ ಗೊತ್ತಿರುವ ದಿನ. ಆಮೇಲೆ ಯಾರೊಬ್ಬರೂ ಅದನ್ನು ಒಂಟಿಯಾಗಿ ಜಗ್ಗಲಾರರು.

ಇನ್ನೊಂದು ಸಂಗತಿ, ಎಚ್ಚರಿಕೆಯ ಗಂಟೆಯದು. ಒಪ್ಪಂದ ಮುಗಿಯುವ 45 ದಿನ ಮೊದಲು ಮೇಲ್ ಬರುವಂತೆ ನಾವು ಇಟ್ಟಿದ್ದೆವು, ಅಂದರೆ ಫೆಬ್ರವರಿ ಮಧ್ಯಕ್ಕೆ. ಕೊಟೇಶನ್, ಮಾತುಕತೆ, ಮೇಲಿನವರ ಸಹಿ ಎಲ್ಲಕ್ಕೂ ಅಷ್ಟು ಸಮಯ ಬೇಕೇ ಬೇಕು. ಆದರೆ ಅದಕ್ಕೂ ಹಿಂದಿನ ವರ್ಷ ಗಂಟೆ ಹೊಡೆಯುವ ಮೊದಲೇ ಒಪ್ಪಂದ ಖಾಲಿಯಾಗಿತ್ತು. ಡಿಸೆಂಬರ್ ಕೊನೆಗೆ 24,000ದಲ್ಲಿ 20,500 ರಿಲೀಸ್ ಆಗಿ 3,500 ಉಳಿದಿತ್ತು. ಆಗಿನ ತಿಂಗಳಿಗೆ 2,600ರ ವೇಗದಲ್ಲಿ ಅದು ಫೆಬ್ರವರಿ ಎರಡನೇ ವಾರ ದಾಟುವಂತಿರಲಿಲ್ಲ. ಬಾಕಿ ಮುಗಿದಾಗ ಯಾರೋ ಮಾಮೂಲಿ ಪರ್ಚೇಸ್ ಆರ್ಡರ್ ಹಾಕಿ, ದರವನ್ನು ಕೈಯಿಂದ ತುಂಬಿದರು. ಅಂದಿನಿಂದ ನಾನು ಎರಡು ಗಂಟೆ ಇಡಿಸಿದ್ದೇನೆ, ಒಂದು ದಿನಾಂಕಕ್ಕೆ, ಒಂದು ಉಳಿದ ಪ್ರಮಾಣವನ್ನು ಕಳೆದ ಮೂರು ತಿಂಗಳ ಸರಾಸರಿ ಮಾಸಿಕ ಬಳಕೆಯಿಂದ ಭಾಗಿಸಿ ಬರುವ ಲೆಕ್ಕಕ್ಕೆ. ಯಾವುದು ಮೊದಲೋ ಅದು ಹೊಡೆಯಲಿ.

ಆ ಬಾಕಿಯೂ ಪೂರ್ತಿ ನಿಜವಾಗಿರಲಿಲ್ಲ. 2,000 ಕೇಳಿದಾಗ 1,940 ಬರುತ್ತದೆ, ಉಳಿದ 60 ಬರುವುದೂ ಇಲ್ಲ, ಆ ರಿಲೀಸ್ ಅನ್ನು ಮುಚ್ಚುವವರೂ ಇಲ್ಲ. ಒಪ್ಪಂದದ ಲೆಕ್ಕದಲ್ಲಿ ಅವು ಬಳಕೆಯಾದಂತೆಯೇ ಕುಳಿತಿರುತ್ತವೆ. ಹತ್ತು ರಿಲೀಸ್‌ಗಳಲ್ಲಿ ಹುಡುಕಿದಾಗ ಸುಮಾರು 600 ಪೆಟ್ಟಿಗೆ ಹೀಗೆ ಸಿಕ್ಕಿಬಿದ್ದಿದ್ದವು. ಈಗ ತಿಂಗಳ ಕೊನೆಯ ಶುಕ್ರವಾರ ಆ ಹುಡುಗನೇ ಅರೆಬರೆ ರಿಲೀಸ್‌ಗಳ ಪಟ್ಟಿ ತೆಗೆದು, ಮಾಲೀಕರಿಗೆ ಫೋನ್ ಮಾಡಿ ಕೇಳಿ, ಬರದವನ್ನು ಮುಚ್ಚುತ್ತಾನೆ. ಜೊತೆಗೆ ರಿಲೀಸ್‌ನ ದರವೂ ಡೆಲಿವರಿ ದಿನಾಂಕದಂದು ಜಾರಿಯಲ್ಲಿರುವ ದರವೂ ಹೊಂದದ ಸಾಲುಗಳನ್ನು ತೋರಿಸುವ ಒಂದು ವರದಿ ಮಾಡಿಸಿದ್ದೇವೆ. ಅದು ಖಾಲಿ ಬಂದರೆ ಮಾತ್ರ ಅಕೌಂಟ್ಸ್‌ಗೆ ಹೋಗುತ್ತೇವೆ.

ಮಾಲೀಕರ ಎರಡೂ ಬಿಲ್‌ಗಳ ಹಣ ಮೇ 22ಕ್ಕೆ ಹೋಯಿತು. 3,570 ರೂಪಾಯಿಗೆ ಅವರಿಂದ ಡೆಬಿಟ್ ನೋಟ್ ಪಡೆದು ಜೂನ್ ಮೊದಲ ವಾರ ಕೊಟ್ಟೆವು. ಹೊಸ ಒಪ್ಪಂದಕ್ಕೆ ಈ ಸಾಲುಗಳನ್ನು ಸೇರಿಸಿದ್ದೇವೆ, ಬೇಕಾದವರು ತೆಗೆದುಕೊಳ್ಳಬಹುದು: “ರಿಲೀಸ್ ಆರ್ಡರ್‌ನಲ್ಲಿ ನಮೂದಿಸಿದ ಡೆಲಿವರಿ ದಿನಾಂಕದಂದು ಜಾರಿಯಲ್ಲಿರುವ ದರವೇ ಅನ್ವಯಿಸುತ್ತದೆ. ಸರಬರಾಜುದಾರರ ಕಾರಣದಿಂದ ಸರಕು ತಡವಾದರೆ, ನಮೂದಿಸಿದ ದಿನಾಂಕ ಮತ್ತು ಬಂದ ದಿನಾಂಕಗಳ ದರಗಳಲ್ಲಿ ಕಡಿಮೆಯದು ಅನ್ವಯಿಸುತ್ತದೆ. ಕೊಳ್ಳುವವರ ಕೋರಿಕೆಯಿಂದ ಮುಂದೂಡಿದರೆ ಎರಡರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ.” ಕೊನೆಯ ವಾಕ್ಯವನ್ನು ಸೇರಿಸಲು ನಮ್ಮ ಮೇಲಿನವರನ್ನು ಒಪ್ಪಿಸುವುದಕ್ಕೇ ಎರಡು ವಾರ ಹಿಡಿಯಿತು.