ಎಷ್ಟು ಸಾವಿದ್ದರೆ ತೆರಿಗೆ ಇಲ್ಲ?

ತೆರಿಗೆ ಇಲಾಖೆ ಯಾರ ಮನೆಯ ಕಷ್ಟ ನೋಡಿಯೂ ಕರಗುವಂಥದ್ದಲ್ಲ. ಸಂಬಳ ಬಂದರೆ ಪಾಲು ಕೇಳುತ್ತದೆ. ಬಡ್ಡಿ ಬಂದರೂ ಕೇಳುತ್ತದೆ. ಲಾಟರಿ ಹೊಡೆದರೆ ನಮಗಿಂತ ಮೊದಲೇ ಬಂದು ನಿಂತಿರುತ್ತದೆ. ಹೀಗಿರುವಾಗ ಜೀವ ವಿಮೆಯ ದುಡ್ಡು ಎದುರಿಗೆ ಬಂದರೆ ಮಾತ್ರ ಟೋಪಿ ತೆಗೆದು, ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಪ್ರಪಂಚದ ಬಹಳಷ್ಟು ದೇಶಗಳಲ್ಲಿ ಹೆಚ್ಚುಕಡಿಮೆ ಇದೇ ಕಥೆ. ಯಾಕೆ ಅಂತ ಕೇಳಿದರೆ ಎಲ್ಲರೂ ಒಂದೇ ಚಿತ್ರ ತೋರಿಸುತ್ತಾರೆ. ಗಂಡನನ್ನು ಕಳೆದುಕೊಂಡ ಹೆಂಡತಿ, ಪಕ್ಕದಲ್ಲಿ ಎರಡು ಪುಟ್ಟ ಮಕ್ಕಳು. ಅವರ ಕೈಯಿಂದ ಕಿತ್ತುಕೊಳ್ಳೋಕೆ ಮನಸ್ಸು ಬರುತ್ತಾ?

ಬರಬಾರದು, ನಿಜ. ಅದಕ್ಕೆ ಕಣ್ಣೀರೇ ಬೇಕಿಲ್ಲ, ಲೆಕ್ಕವೇ ಸಾಕು. ಸಾವಿರ ಜನ ಒಂದು ವರ್ಷದ ಮಟ್ಟಿಗೆ ತಲಾ 100 ಹಾಕಿದರು ಅಂತಿಟ್ಟುಕೊಳ್ಳಿ. ಒಟ್ಟು ಒಂದು ಲಕ್ಷ ಆಯಿತು. ಆ ವರ್ಷ ಇಬ್ಬರು ತೀರಿಕೊಂಡರು. ಎರಡೂ ಮನೆಗಳಿಗೆ ತಲಾ 50,000 ಹೋಯಿತು. ಉಳಿದ 998 ಜನರ ನೂರು ನೂರು ಹೋಯಿತು, ಅವರು ಬದುಕಿದ್ದಾರಲ್ಲ, ಅದೇ ಲಾಭ. ವಿಮಾ ಕಂಪನಿಯ ಖರ್ಚನ್ನು ಸದ್ಯಕ್ಕೆ ಬದಿಗಿಡಿ. ಇಲ್ಲಿ ಹೊಸದಾಗಿ ಒಂದು ಪೈಸೆಯೂ ಹುಟ್ಟಿಲ್ಲ. ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗಿದೆ ಅಷ್ಟೇ. ಆ ಎರಡು ಮನೆಗಳಿಗೆ "ನಿಮಗೆ 49,900 ಲಾಭ ಬಂದಿದೆ" ಅಂತ ತೆರಿಗೆ ಹಾಕಿದರೆ, 998 ಜನರಿಗೆ "ನಿಮಗೆ ತಲಾ ನೂರು ನಷ್ಟ" ಅಂತ ವಿನಾಯಿತಿಯನ್ನೂ ಕೊಡಬೇಕಾಗುತ್ತದೆ. ಸಾಯದೇ ಉಳಿದಿದ್ದಕ್ಕೆ ನಷ್ಟ ಪರಿಹಾರ! ಎರಡನ್ನೂ ಬಿಟ್ಟುಬಿಡುವುದೇ ವಾಸಿ. ಬರೀ ಸಾವಿಗೆ ಮಾತ್ರ ದುಡ್ಡು ಕೊಡುವ ಟರ್ಮ್ ಪಾಲಿಸಿಯ ವಿಷಯದಲ್ಲಿ ಕಾನೂನು ಸರಿಯಾಗಿಯೇ ಇದೆ. ನನ್ನ ತಕರಾರು ಇಲ್ಲಿಲ್ಲ.

ತಕರಾರು ಶುರುವಾಗುವುದು ಆ ಹೆಂಡತಿ ಮಕ್ಕಳ ಬೆನ್ನ ಹಿಂದೆ ಅಡಗಿಕೊಂಡು ಇನ್ನೊಬ್ಬರು ಬಂದಾಗ. ಅವರ ಹೆಸರು ಉಳಿತಾಯ. ಕಟ್ಟುವ ಪ್ರೀಮಿಯಂನಲ್ಲಿ ಸಾವಿನ ಲೆಕ್ಕಕ್ಕೆ ಹೋಗುವುದು ಚೂರುಪಾರು. ಉಳಿದದ್ದು ಹೂಡಿಕೆಯಾಗಿ ಬೆಳೆಯುತ್ತದೆ. ಆ ಬೆಳೆದದ್ದು ಮಾತ್ರ ನಿಜವಾಗಿ ಹೊಸ ದುಡ್ಡು. ಅದೇ ದುಡ್ಡು ಬ್ಯಾಂಕ್ ಠೇವಣಿಯಲ್ಲಿ ಬೆಳೆದಿದ್ದರೆ ಅದನ್ನು ಬಡ್ಡಿ ಅಂತ ಕರೆದು ತೆರಿಗೆ ಹಾಕುತ್ತಿದ್ದರು. ಪಾಲಿಸಿಯೊಳಗೆ ಬೆಳೆದರೆ ಅದಕ್ಕೂ ಮೃತರಿಗೆ ಸಲ್ಲುವ ಮರ್ಯಾದೆ ಸಿಗುತ್ತದೆ. ಸತ್ತವರು ಯಾರು ಅಂತ ಕೇಳಬೇಡಿ. ಯಾರೂ ಸತ್ತಿಲ್ಲ. ಮೆಚ್ಯೂರಿಟಿ ಆಗಿದೆ.

ಇಷ್ಟಾದ ಮೇಲೆ ಸರ್ಕಾರಗಳಿಗೆ ಒಂದು ಪೀಕಲಾಟ ಶುರುವಾಯಿತು. ಯಾರು ಬೇಕಾದರೂ ತಮ್ಮ ಠೇವಣಿಗೆ ಒಂದು ಚಿಟಿಕೆ ಸಾವು ಉದುರಿಸಿ "ಇದು ವಿಮೆ" ಅನ್ನಬಹುದಲ್ಲ? ಹಾಗಾದರೆ ಕನಿಷ್ಠ ಎಷ್ಟು ಸಾವು ಇರಬೇಕು? ಇದು ತಮಾಷೆಯ ಪ್ರಶ್ನೆಯಲ್ಲ. ಇದಕ್ಕೆ ಅಂಕಿ ಸಮೇತ ಉತ್ತರ ಬರೆದಿಟ್ಟಿದ್ದಾರೆ.

ಅಮೆರಿಕ 1913ರ ಆದಾಯ ತೆರಿಗೆ ಕಾನೂನಿನಲ್ಲೇ ಸಾವಿನ ನಂತರ ಬರುವ ವಿಮೆ ಹಣವನ್ನು ಕೈಬಿಟ್ಟಿತ್ತು. ಮುಂದೆ ಬರೀ ಉಳಿತಾಯವೇ ತುಂಬಿದ ಪಾಲಿಸಿಗಳು ಜಾಸ್ತಿಯಾದವು. ಆಗ, 1984ರಲ್ಲಿ, ಜೀವ ವಿಮೆ ಅಂದರೆ ಏನು ಅಂತ ತೆರಿಗೆ ಕಾನೂನೇ ವಿವರಿಸಬೇಕಾಯಿತು. ಅಲ್ಲಿ ಪಾಲಿಸಿ ಪಾಸಾಗಲು ಎರಡು ದಾರಿ ಇವೆ. ಒಂದರಲ್ಲಿ ವಯಸ್ಸಿಗೆ ತಕ್ಕ ಒಂದು ಪಟ್ಟಿ ಇದೆ. 40 ವಯಸ್ಸಿನವರೆಗೆ, ಪಾಲಿಸಿಯೊಳಗೆ 100 ಜಮೆಯಾಗಿದ್ದರೆ ಸತ್ತಾಗ ಸಿಗುವ ಮೊತ್ತ ಕನಿಷ್ಠ 250 ಇರಬೇಕು. 50ಕ್ಕೆ 185 ಸಾಕು. 60ಕ್ಕೆ 130. 75ಕ್ಕೆ 105. 95 ತುಂಬಿದರೆ ಬರೀ 100.

ಕೊನೆಯ ಸಾಲನ್ನು ಇನ್ನೊಂದು ಸಲ ಓದಿ. 95ನೇ ವಯಸ್ಸಿನಲ್ಲಿ ಪಾಲಿಸಿಯಲ್ಲಿ ಸಾವು ಇರಲೇಬೇಕು ಅಂತೇನಿಲ್ಲ. ಮನುಷ್ಯ ಸಾವಿಗೆ ಅತಿ ಹತ್ತಿರ ಇರುವ ಹೊತ್ತಿನಲ್ಲೇ ಕಾನೂನಿಗೆ ಅದರ ಬಗ್ಗೆ ಆಸಕ್ತಿ ಹೋಗಿಬಿಡುತ್ತದೆ! ಆ ವಯಸ್ಸಿಗೆ ವಿಮೆಯ ಖರ್ಚು ಆಕಾಶಕ್ಕೇರುತ್ತದೆ, ಅದಕ್ಕೇ ಹೀಗೆ ಅನ್ನುವುದು ಗೊತ್ತಿದೆ ಬಿಡಿ. ಆದರೂ ಆ ಪಟ್ಟಿ ಮಾಡಿದ ಕೋಣೆಯಲ್ಲಿ ಏನೇನು ಮಾತಾಗಿರಬಹುದು ಅಂತ ಊಹಿಸಿಕೊಳ್ಳದೆ ಇರಲಾಗುವುದಿಲ್ಲ. "ಐವತ್ತೈದಕ್ಕೆ ಎಷ್ಟು ಸಾವು ಹಾಕೋಣ ಸಾರ್?" "ನೂರೈವತ್ತು ಹಾಕಿ." "ಸ್ವಲ್ಪ ಜಾಸ್ತಿ ಆಯ್ತೇನೋ?" "ಇರಲಿ ಬಿಡ್ರಿ, ಅರವತ್ತಕ್ಕೆ ಕಡಿಮೆ ಮಾಡೋಣ."

ಭಾರತದ ಅಳತೆಗೋಲು ಬೇರೆ. ಇಲ್ಲಿ ನೋಡುವುದು ವಯಸ್ಸನ್ನಲ್ಲ, ಪ್ರೀಮಿಯಂಗೂ ವಿಮಾ ಮೊತ್ತಕ್ಕೂ ಇರುವ ಅಂತರವನ್ನು. 2003ರ ಏಪ್ರಿಲ್‌ನಿಂದ ಕೊಟ್ಟ ಪಾಲಿಸಿಗಳಲ್ಲಿ ವರ್ಷದ ಪ್ರೀಮಿಯಂ ವಿಮಾ ಮೊತ್ತದ 20% ದಾಟಬಾರದು ಅಂದರು. 2012ರ ಏಪ್ರಿಲ್‌ನಿಂದ ಅದನ್ನು 10%ಗೆ ಇಳಿಸಿದರು. ಅಂದರೆ ಒಂದೇ ಏಟಿಗೆ ಸಾವು ಐದು ಪಟ್ಟಿನಿಂದ ಹತ್ತು ಪಟ್ಟಿಗೆ ಏರಿತು. ಆದರೂ ದೊಡ್ಡ ದುಡ್ಡಿನವರು ಹತ್ತು ಪಟ್ಟು ಸಾವನ್ನು ಹೊತ್ತುಕೊಂಡೇ ಬಾಗಿಲು ದಾಟಿದರು. ಕೊನೆಗೆ 2023ರ ಏಪ್ರಿಲ್‌ನಿಂದ ಕೊಡುವ ಮಾಮೂಲಿ ಪಾಲಿಸಿಗಳಲ್ಲಿ, ವರ್ಷದ ಪ್ರೀಮಿಯಂ ಎಲ್ಲ ಸೇರಿ 5 ಲಕ್ಷ ದಾಟಿದರೆ ಮೆಚ್ಯೂರಿಟಿ ಹಣಕ್ಕೆ ತೆರಿಗೆ ಅಂದರು. ಸತ್ತರೆ ಬರುವ ಹಣಕ್ಕೆ ಈಗಲೂ ಇಲ್ಲ. ಮೊದಲಿನಿಂದಲೂ ಇಷ್ಟನ್ನೇ ಹೇಳಿದ್ದರೆ ಸಾಕಾಗಿತ್ತು, ಅಲ್ವಾ?

ಅಮೆರಿಕದವರ ಜಾಣತನ ಇಲ್ಲಿಗೆ ಮುಗಿಯಲಿಲ್ಲ. ಪಾಲಿಸಿಯಿಂದ ಬೆಳೆದ ದುಡ್ಡನ್ನು ವಾಪಸ್ ತೆಗೆದರೆ ತೆರಿಗೆ ಬೀಳುತ್ತದೆ. ಹಾಗಾಗಿ ತೆಗೆಯುವುದೇ ಇಲ್ಲ. ಅದರ ಮೇಲೆ ಸಾಲ ತೆಗೆದುಕೊಳ್ಳುತ್ತಾರೆ. ಸಾಲ ಆದಾಯವಲ್ಲ, ಹಾಗಾಗಿ ತೆರಿಗೆ ಇಲ್ಲ. ಆ ದುಡ್ಡಿನಲ್ಲಿ ಹಾಯಾಗಿ ಓಡಾಡಿಕೊಂಡಿದ್ದು, ಒಂದು ದಿನ ಸಾಯುತ್ತಾರೆ. ಸಾವಿನ ಹಣದಲ್ಲಿ ಸಾಲ ಮುರಿದುಕೊಂಡು ಉಳಿದದ್ದು ಮಕ್ಕಳಿಗೆ ಹೋಗುತ್ತದೆ, ಅದಕ್ಕೂ ಆದಾಯ ತೆರಿಗೆ ಇಲ್ಲ. ಒಂದೇ ಕಂತಿನಲ್ಲಿ ದೊಡ್ಡ ಮೊತ್ತ ಸುರಿದು ಈ ಆಟ ಆಡುವವರು ಜಾಸ್ತಿಯಾದಾಗ 1988ರಲ್ಲಿ ಇನ್ನೊಂದು ಪರೀಕ್ಷೆ ಬಂತು. ಮೊದಲ ಏಳು ವರ್ಷಗಳಿಗೆ ಹಾಕಿಕೊಟ್ಟ ಮಿತಿಗಿಂತ ಬೇಗ ದುಡ್ಡು ತುಂಬಿದರೆ, ಆಮೇಲೆ ತೆಗೆಯುವ ಸಾಲವನ್ನೂ ಆದಾಯ ಅಂತಲೇ ನೋಡುತ್ತಾರೆ. ಕಲಿತ ಪಾಠ ಏನು ಅಂದರೆ, ನಿಧಾನವಾಗಿ ತುಂಬಿ.

ಈ ಆಟದಲ್ಲಿ ಏಜೆಂಟರು ಬಾಯಿ ಬಿಡದ ಒಂದು ವಿಷಯ ಇದೆ. ಯಾರೋ ಒಟ್ಟು 100 ಕಟ್ಟಿದ್ದಾರೆ, ಅದು 300 ಆಗಿದೆ. ಹೆಚ್ಚಿನದೆಲ್ಲವನ್ನೂ ಸಾಲವಾಗಿ ತೆಗೆದು ಖರ್ಚು ಮಾಡಿದ್ದಾರೆ. ಸಾಲಕ್ಕೆ ಬಡ್ಡಿ ಸೇರಿ ಸೇರಿ ಅದೂ 300 ಮುಟ್ಟಿತು. ಪಾಲಿಸಿಯಲ್ಲಿ ಇನ್ನೇನೂ ಉಳಿದಿಲ್ಲ, ಹಾಗಾಗಿ ಅದು ರದ್ದಾಯಿತು. ಕೈಯಲ್ಲಿರುವುದು ಸೊನ್ನೆ. ಆದರೆ ಕಾನೂನಿನ ಕಣ್ಣಿಗೆ ಇವರು 300 ಪಡೆದವರು, ಕಟ್ಟಿದ್ದು 100, ಹಾಗಾಗಿ ಆ ವರ್ಷ 200ರ ಮೇಲೆ ತೆರಿಗೆ ಕಟ್ಟಬೇಕು. ಈ ಯೋಜನೆಯ ಲಾಭ ಪೂರ್ತಿ ಸಿಗಬೇಕಾದರೆ ಪಾಲಿಸಿ ಸಾಯುವುದಕ್ಕಿಂತ ಮೊದಲು ಪಾಲಿಸಿದಾರರು ಸಾಯಬೇಕು. ಇದನ್ನು ನಿವೃತ್ತಿ ಜೀವನದ ಯೋಜನೆ ಅಂತ ಮಾರುತ್ತಾರೆ.

"ಅಯ್ಯೋ, ಜನ ಉಳಿತಾಯ ಮಾಡಲಿ ಅಂತ ತಾನೇ ಇದೆಲ್ಲ?" ಅಂತ ಯಾರಾದರೂ ಕೇಳಬಹುದು. ಇದು ಪಿಂಚಣಿ ಖಾತೆ, ಉಳಿತಾಯ ಪತ್ರ ಎಲ್ಲಕ್ಕೂ ಕೊಡುವ ಕಾರಣ. ಜನರನ್ನು ಅವರಷ್ಟಕ್ಕೆ ಬಿಟ್ಟರೆ ಇದ್ದದ್ದನ್ನೆಲ್ಲ ಖರ್ಚು ಮಾಡಿ ಮುಪ್ಪಿನಲ್ಲಿ ಸರ್ಕಾರದ ಬಾಗಿಲಿಗೆ ಬರುತ್ತಾರೆ, ಅದಕ್ಕೇ ಈಗಲೇ ಆಸೆ ತೋರಿಸಿ ಉಳಿಸುವ ಹಾಗೆ ಮಾಡಬೇಕು ಅನ್ನುವ ವಾದ. ಸರಿಯಪ್ಪಾ, ಆಸೆ ತೋರಿಸಿದ್ದು ಯಾರಿಗೆ ಅಂತ ನೋಡೋಣ.

ಒಂದು ಕಡೆ 7% ಬಡ್ಡಿಯ ಠೇವಣಿ, ಅದಕ್ಕೆ ತೆರಿಗೆ ಇದೆ. ಇನ್ನೊಂದು ಕಡೆ 5.5% ಕೊಡುವ ಪಾಲಿಸಿ, ತೆರಿಗೆ ಇಲ್ಲ. ಕಮಿಷನ್, ಖರ್ಚು ಕಳೆದ ಮೇಲೆ ಪಾಲಿಸಿಯಲ್ಲಿ ಉಳಿಯುವುದು ಕಡಿಮೆಯೇ. 40% ತೆರಿಗೆ ಕಟ್ಟುವ ಶ್ರೀಮಂತರಿಗೆ ಠೇವಣಿಯಲ್ಲಿ ಉಳಿಯುವುದು 4.2%. ಅವರಿಗೆ ಪಾಲಿಸಿ ಚಿನ್ನ. 20% ಕಟ್ಟುವವರಿಗೆ ಠೇವಣಿಯಲ್ಲಿ 5.6% ಉಳಿಯುತ್ತದೆ. ಅವರು ಪಾಲಿಸಿ ತಗೊಂಡರೆ ಸ್ವಲ್ಪ ಕಳೆದುಕೊಳ್ಳುತ್ತಾರೆ. ತೆರಿಗೆಯ ಮಿತಿಯೊಳಗೇ ಬಾರದ ಬಡವರಿಗೆ ಪೂರ್ತಿ 7% ಸಿಗುತ್ತದೆ. ಅವರಿಗೆ ಈ ವಿನಾಯಿತಿಯಿಂದ ಸಿಗುವುದು ಸೊನ್ನೆ, ಪಾಲಿಸಿ ತಗೊಂಡರೆ ನಷ್ಟ 1.5%. ಮುಪ್ಪಿನಲ್ಲಿ ಸರ್ಕಾರದ ಬಾಗಿಲಿಗೆ ಬರಬಹುದಾದವರು ಇವರೇ. ಇವರ ಹತ್ತಿರವೂ "ತೆರಿಗೆ ಉಳಿಯುತ್ತೆ ಸಾರ್" ಅಂತಲೇ ಪಾಲಿಸಿ ಮಾರುತ್ತಾರೆ. ಇವರು ತೆರಿಗೆಯನ್ನೇ ಕಟ್ಟುವುದಿಲ್ಲ ಅನ್ನುವುದು ಮಾರುವವರಿಗೂ ಗೊತ್ತು.

ಡೆನ್ಮಾರ್ಕ್‌ನಲ್ಲಿ 1999ರಲ್ಲಿ ಹೆಚ್ಚು ಆದಾಯದವರಿಗೆ ಒಂದು ಬಗೆಯ ಪಿಂಚಣಿ ಖಾತೆಯ ಮೇಲಿನ ರಿಯಾಯಿತಿಯನ್ನು ಕಡಿಮೆ ಮಾಡಿದರು. ಏನಾಯಿತು ಅಂತ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಲ್ಲಿನ ದಾಖಲೆಗಳನ್ನೆಲ್ಲ ಜಾಲಾಡಿ 2014ರಲ್ಲಿ ಪ್ರಕಟಿಸಿದರು. ಸುಮಾರು 85% ಜನ ಇಂಥ ರಿಯಾಯಿತಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಎಚ್ಚರವಾಗಿದ್ದ ಉಳಿದವರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ರಿಯಾಯಿತಿಗೆಂದು ಸರ್ಕಾರ 100 ಕಳೆದುಕೊಂಡರೆ ದೇಶದಲ್ಲಿ ಹೊಸದಾಗಿ ಆಗುವ ಉಳಿತಾಯ ಸುಮಾರು 1. ಉಳಿದ 99ರಲ್ಲಿ ಉಳಿತಾಯ ಹುಟ್ಟಲಿಲ್ಲ, ಮನೆ ಬದಲಾಯಿಸಿತು.

ಇದನ್ನೆಲ್ಲ ನೋಡಿ ರಿಯಾಯಿತಿ ನಿಲ್ಲಿಸಿದ ದೇಶವೇ ಇಲ್ಲವೇ ಅಂದರೆ, ಇದೆ. ಬ್ರಿಟನ್. 1799ರಲ್ಲಿ ಮೊದಲ ಬಾರಿಗೆ ಆದಾಯ ತೆರಿಗೆ ಹಾಕಿದಾಗಲೇ ಅಲ್ಲಿ ಜೀವ ವಿಮೆಯ ಕಂತಿಗೆ ರಿಯಾಯಿತಿ ಕೊಟ್ಟಿದ್ದರು. ನಡುವೆ ನಿಂತಿದ್ದ ಅದನ್ನು 1853ರಲ್ಲಿ ಆಗಿನ ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್ ಮತ್ತೆ ತಂದರು. 1984ರ ಮಾರ್ಚ್‌ನಲ್ಲಿ ಹಣಕಾಸು ಮಂತ್ರಿ ನೈಜೆಲ್ ಲಾಸನ್ ಅದನ್ನು ತೆಗೆದುಹಾಕಿದರು. ಹೊಸ ಪಾಲಿಸಿಗಳಿಗೆ ಮಾತ್ರ. ಹಳೆ ಪಾಲಿಸಿ ಇದ್ದವರಿಗೆ ಅನ್ಯಾಯ ಆಗಬಾರದಲ್ಲ, ಅವರದ್ದು ನಡೆಯುತ್ತಲೇ ಇತ್ತು. ಅದು ಪೂರ್ತಿ ನಿಂತಿದ್ದು 2015ರ ಏಪ್ರಿಲ್‌ನಲ್ಲಿ. ಲಾಸನ್ ಅಷ್ಟರಲ್ಲಿ ಮಂತ್ರಿ ಪದವಿ ಬಿಟ್ಟು ಇಪ್ಪತ್ತೈದು ವರ್ಷ ದಾಟಿತ್ತು.