ಎರಡು ಪೀಕ್ ಬರಬೇಕಿತ್ತು, ಒಂದೇ ಬಂತು

ಕಳೆದ ವಾರ ಲ್ಯಾಬ್‌ನಲ್ಲಿ ಇಬ್ಬರು ಹುಡುಗರು ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು. ಮೇಜಿನ ಮೇಲೆ 1 ಮಿಲಿಹೆನ್ರಿಯ ಎರಡು ಕಾಯಿಲ್, ಪಕ್ಕಪಕ್ಕದಲ್ಲಿ. ಒಂದೊಂದಕ್ಕೂ 100 ನ್ಯಾನೊಫ್ಯಾರಡ್ ಕೆಪಾಸಿಟರ್. ಎರಡಕ್ಕೂ ನಡುವೆ ತಂತಿ ಇಲ್ಲ, ಬರೀ ಮ್ಯೂಚುವಲ್ ಇಂಡಕ್ಟೆನ್ಸ್, 0.2 ಮಿಲಿಹೆನ್ರಿ. "ಲೆಕ್ಕದಲ್ಲಿ ಎರಡು ಫ್ರೀಕ್ವೆನ್ಸಿ ಬಂತು ಸಾರ್, ಸ್ಕೋಪ್‌ನಲ್ಲಿ ಒಂದೇ ದಪ್ಪ ಗುಡ್ಡ ಕಾಣ್ತಿದೆ" ಅಂದರು.

ನಾನು ಕೇಳಿದ್ದು, "ಐಗನ್ ವೆಕ್ಟರ್ ಏನು ಬಂತು?" ಇಬ್ಬರೂ ಮುಖ ಮುಖ ನೋಡಿಕೊಂಡರು. ಡಿಟರ್ಮಿನೆಂಟ್ ಸೊನ್ನೆ ಮಾಡಿ, ಎರಡು ಬೇರು ತೆಗೆದು, ಬಾಕ್ಸ್ ಹಾಕಿ ಮುಗಿಸಿದ್ದರು. ನನ್ನ ತಕರಾರು ಇರೋದೇ ಇಲ್ಲಿ. ಪರೀಕ್ಷೆಯಲ್ಲಿ ನಾವು ಕೇಳೋದೂ ಅಷ್ಟನ್ನೇ ಅಲ್ವಾ, ಹಾಗಾಗಿ ತಪ್ಪು ಅವರದ್ದೊಂದೇ ಅಲ್ಲ.

ಕೆಪಾಸಿಟರ್‌ಗಳ ಚಾರ್ಜ್ `q1`, `q2` ಅಂತಿಟ್ಟರೆ ಎರಡು ಲೂಪ್‌ಗಳ ಸಮೀಕರಣ ಹೀಗೆ:

```
L q1'' + M q2'' + q1/C = 0
M q1'' + L q2'' + q2/C = 0
```

ಎರಡನ್ನೂ ಕೂಡಿಸಿ ನೋಡಿ. `q1+q2` ಅನ್ನೋದು `L+M` ಇಂಡಕ್ಟೆನ್ಸ್ ಇರುವ ಒಂಟಿ ಸರ್ಕ್ಯೂಟ್ ಥರ ಆಡುತ್ತದೆ. ಕಳೆದರೆ `q1−q2`ಗೆ ಸಿಗೋದು `L−M`. ಐಗನ್ ವೆಕ್ಟರ್ ಅಂದರೆ ಇದೇ: (1, 1) ಮತ್ತು (1, −1). ಮೊದಲನೆಯದರಲ್ಲಿ ಎರಡೂ ಕಾಯಿಲ್‌ನ ಕರೆಂಟ್ ಒಟ್ಟಿಗೆ ಹೋಗಿ ಬರುತ್ತದೆ, ಫ್ಲಕ್ಸ್ ಒಂದಕ್ಕೊಂದು ಸೇರುತ್ತದೆ. ಒಂದೊಂದು ಕಾಯಿಲ್ಲೂ 1.2 ಮಿಲಿಹೆನ್ರಿ ಇದ್ದ ಹಾಗೆ ಭಾರವಾಗಿ ಆಡುತ್ತದೆ, 14.5 ಕಿಲೊಹರ್ಟ್ಸ್. ಎರಡನೆಯದರಲ್ಲಿ ಕರೆಂಟ್‌ಗಳು ಎದುರುಬದುರು, ಫ್ಲಕ್ಸ್ ಕಳೆಯುತ್ತದೆ, 0.8 ಮಿಲಿಹೆನ್ರಿ, 17.8 ಕಿಲೊಹರ್ಟ್ಸ್. ಒಂಟಿಯಾಗಿದ್ದಾಗ ಎರಡೂ 15.9ರಲ್ಲೇ ಇದ್ದವು. ಒಂದು ಕಾಯಿಲ್ ತಿರುಗಿಸಿಟ್ಟರೆ `M`ನ ಚಿಹ್ನೆ ಬದಲಾಗುತ್ತದೆ. ಆಗ ಫ್ರೀಕ್ವೆನ್ಸಿ ಅವೇ ಇರುತ್ತವೆ, ಯಾವುದು ಯಾವ ವೆಕ್ಟರ್‌ನದ್ದು ಅನ್ನೋದು ಮಾತ್ರ ಅದಲುಬದಲು. ಬರೀ ಬೇರು ತೆಗೆದವರಿಗೆ ಇದು ಗೊತ್ತೇ ಆಗಲ್ಲ.

ಮೊದಲ ಕೆಪಾಸಿಟರ್‌ಗೆ ಮಾತ್ರ ಚಾರ್ಜ್ ಕೊಟ್ಟು ಬಿಟ್ಟರೆ? ಅದು ಈ ಎರಡೂ ಆಟದ ರೀತಿಗಳ, ಅಂದರೆ ಮೋಡ್‌ಗಳ, ಸಮಪಾಲು. ಎರಡೂ ಮೋಡ್ ಒಟ್ಟಿಗೆ ಹೊರಟರೂ ವೇಗ ಬೇರೆ. ಸುಮಾರು 153 ಮೈಕ್ರೊಸೆಕೆಂಡ್‌ಗೆ ಒಂದು ಇನ್ನೊಂದಕ್ಕಿಂತ ಅರ್ಧ ಸುತ್ತು ಮುಂದೆ ಹೋಗಿರುತ್ತದೆ. ಆಗ ಮೊದಲ ಲೂಪ್ ಸುಮ್ಮನಾಗಿ, ಉಳಿದ ಶಕ್ತಿಯೆಲ್ಲ ಎರಡನೆಯದರಲ್ಲಿ ಆಡುತ್ತಿರುತ್ತದೆ. ಆಮೇಲೆ ವಾಪಸ್.

ಕೆಪಾಸಿಟರ್ ಒಂದೇ ಸಮ ಇದ್ದಾಗ ಇಷ್ಟು ಸಲೀಸು. ಅಂಗಡಿಯಲ್ಲಿ ಸಿಗೋದು 10% ಹೆಚ್ಚುಕಡಿಮೆ ಇರುವ ಮಾಲು. ಎರಡನೆಯದು 110 ಆಗಿದ್ದರೆ ಕೈಲೆಕ್ಕ ಬಿಟ್ಟು ಹೀಗೆ ಮಾಡಿ:

```python
import numpy as np
from scipy.linalg import eigh
L = np.array([[1e-3, 0.2e-3], [0.2e-3, 1e-3]])
S = np.diag([1/100e-9, 1/110e-9])
w2, V = eigh(S, L)
print(np.sqrt(w2)/(2*np.pi))
print(V/V[0])
```

14.15 ಮತ್ತು 17.42 ಕಿಲೊಹರ್ಟ್ಸ್ ಬರುತ್ತದೆ. ವೆಕ್ಟರ್‌ಗಳು ಸುಮಾರು (1, 1.33) ಮತ್ತು (1, −0.83). ಇವುಗಳ ಡಾಟ್ ಪ್ರಾಡಕ್ಟ್ ತೆಗೆದರೆ ಸೊನ್ನೆ ಬರಲ್ಲ, −0.10 ಬರುತ್ತದೆ. ಪ್ರತಿ ವರ್ಷ ಯಾರಾದರೊಬ್ಬರು ಇದನ್ನು ನೋಡಿ ಲೆಕ್ಕ ತಪ್ಪಿತು ಅಂತ ಹೊಡೆದುಹಾಕುತ್ತಾರೆ. ತಪ್ಪಿಲ್ಲ. ಇಲ್ಲಿ ಸಮೀಕರಣ `S v = ω² L v`. ಬಲಗಡೆಯೂ ಮ್ಯಾಟ್ರಿಕ್ಸ್ ಇದೆ, ಹಾಗಾಗಿ ಲಂಬ ಅನ್ನೋದನ್ನು ನಡುವೆ `L` ಇಟ್ಟು ನೋಡಬೇಕು. ಇಟ್ಟರೆ ಸೊನ್ನೆ ಬರುತ್ತದೆ. ಸಮ ಕೆಪಾಸಿಟರ್ ಲೆಕ್ಕದಲ್ಲಿ ಎರಡೂ ರೀತಿಯಲ್ಲಿ ಸೊನ್ನೆ ಬರೋದರಿಂದ ಈ ವಿಷಯ ಮುಚ್ಚಿಹೋಗುತ್ತದೆ. ಪಾಠದಲ್ಲಿ ಯಾವಾಗಲೂ ಸಮ ಬೆಲೆಗಳನ್ನೇ ಕೊಡೋದು ನನಗೆ ಇಷ್ಟವಾಗದಿರೋದು ಇದಕ್ಕೇ.

ಮತ್ತೆ ಆ ದಪ್ಪ ಗುಡ್ಡಕ್ಕೆ ಬರೋಣ. ನಮ್ಮ ಸಮೀಕರಣದಲ್ಲಿ ರೆಸಿಸ್ಟೆನ್ಸ್ ಇಲ್ಲ, ಮೇಜಿನ ಮೇಲೆ ಇದೆ. ಕಾಯಿಲ್‌ನ ರೆಸಿಸ್ಟೆನ್ಸ್ 5 ಓಮ್. 15.9 ಕಿಲೊಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ 100 ಓಮ್. ಇವೆರಡರ ಅನುಪಾತವೇ `Q`, ಇಲ್ಲಿ 20. ಎರಡೂ ಲೂಪ್ ಒಂದೇ ಥರ ಇದ್ದರೆ, ಕಪ್ಲಿಂಗ್ `k = M/L` ಅನ್ನೋದು `1/Q`ಗಿಂತ ಜಾಸ್ತಿ ಇದ್ದಾಗ ಎರಡನೇ ಲೂಪ್‌ನಲ್ಲಿ ಎರಡು ಪೀಕ್ ಬಿಡಿಬಿಡಿಯಾಗುತ್ತವೆ. 0.2 ಎಲ್ಲಿ, 0.05 ಎಲ್ಲಿ! ಎರಡು ಪೀಕ್ ಕಾಣಲೇಬೇಕಿತ್ತು.

ಆಮೇಲೆ ನೋಡಿದರೆ ಹುಡುಗರು ಸಿಗ್ನಲ್ ಜನರೇಟರನ್ನು ಮೊದಲ ಲೂಪ್‌ಗೆ ನೇರವಾಗಿ ಸೀರೀಸ್‌ನಲ್ಲಿ ಸೇರಿಸಿದ್ದರು. ಜನರೇಟರ್ ಒಳಗಿನ 50 ಓಮ್ ಕೂಡ ಲೂಪ್ ಒಳಗೆ ಬಂತು. 5 ಇದ್ದದ್ದು 55 ಆಯಿತು, ಆ ಲೂಪ್‌ನ `Q` 2ಕ್ಕಿಂತ ಕೆಳಗೆ ಬಿತ್ತು. ಪೀಕ್‌ಗಳು ಹರಡಿಕೊಂಡು ಒಂದರೊಳಗೊಂದು ಮುಳುಗಿಹೋದವು.

ಜನರೇಟರ್ ಕಿತ್ತು ಆ ಜಾಗಕ್ಕೆ ತಂತಿ ಹಾಕಿಸಿದೆ. ಜನರೇಟರ್ ತುದಿಗೆ ಎರಡು ಸುತ್ತು ತಂತಿ ಸುತ್ತಿ, ಮೊದಲ ಕಾಯಿಲ್‌ನ ಹೊರಬದಿಯಲ್ಲಿ ಸ್ವಲ್ಪ ದೂರ ಹಿಡಿಸಿದೆ. ಸಿಗ್ನಲ್ ಸಣ್ಣದಾಯಿತು, ಸ್ಕೋಪ್‌ನ ವೋಲ್ಟ್ ನಾಬ್ ಎರಡು ಮೂರು ಸಲ ತಿರುಗಿಸಬೇಕಾಯಿತು. ನಿಧಾನಕ್ಕೆ ಫ್ರೀಕ್ವೆನ್ಸಿ ಏರಿಸುತ್ತಾ ಹೋದರೆ 14.5ರ ಹತ್ತಿರ ಒಂದು, ನಡುವೆ ತಗ್ಗು, 17.8ರ ಹತ್ತಿರ ಇನ್ನೊಂದು. ಆಗ ಅವರಿಗೆ ಎರಡೂ ಕೆಪಾಸಿಟರ್‌ನ ವೋಲ್ಟೇಜನ್ನು ಎರಡು ಚಾನೆಲ್‌ನಲ್ಲಿ ಒಟ್ಟಿಗೆ ನೋಡಲು ಹೇಳಿದೆ. ಮೊದಲ ಪೀಕ್‌ನಲ್ಲಿ ಅಲೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿದ್ದವು, ಎರಡನೆಯದರಲ್ಲಿ ತಲೆಕೆಳಗು. "ಇದೇನಾ ಸಾರ್ ಮೈನಸ್ ಒಂದು?" ಅಂದ ಒಬ್ಬ.