ಚುಕ್ಕಿ ಇಟ್ಟು ಬಿಡಿ, ಅಕ್ಷರ ಹುಟ್ಟಿಸಬೇಡಿ

ಹೊಲದ ಬದುವಿನಲ್ಲೋ ಊರಬಾಗಿಲಲ್ಲೋ ಒಂದು ವೀರಗಲ್ಲು ಸಿಗುತ್ತದೆ. ಯಾರೋ ಅದರ ಫೋಟೋ ಹಾಕಿ ಏನು ಬರೆದಿದೆ ಎಂದು ಕೇಳುತ್ತಾರೆ. ಅರ್ಧ ಗಂಟೆಯೊಳಗೆ ಪೂರ್ತಿ ಪಾಠ ಬಂದುಬಿಡುತ್ತದೆ: ರಾಜನ ಹೆಸರು, ಇಸವಿ, ವೀರನ ಹೆಸರು, ಅವನ ತಂದೆಯ ಹೆಸರು. ಫೋಟೋ ನೋಡಿದರೆ ಮೂರರಲ್ಲಿ ಒಂದು ಪಾಲು ಅಕ್ಷರ ಸವೆದು ಹೋಗಿರುತ್ತದೆ, ಪಾಠದಲ್ಲಿ ಮಾತ್ರ ಕಾಣದ ಅಕ್ಷರದ ಜಾಗಕ್ಕೆ ಇಡಬೇಕಾದ ಒಂದು ಚುಕ್ಕಿಯೂ ಇರುವುದಿಲ್ಲ. ಹೀಗೆ ಮಾಡುವವರಲ್ಲಿ ಹೆಚ್ಚಿನವರು ಸುಳ್ಳು ಹೇಳುವ ಉದ್ದೇಶದವರಲ್ಲ, ಹಳಗನ್ನಡ ಚೆನ್ನಾಗಿ ಬಲ್ಲವರು. ಶಾಸನಗಳ ಭಾಷೆ ಬಾಯಿಪಾಠವಾದಷ್ಟೂ ಕಣ್ಣಿಗೆ ಕಾಣದ್ದನ್ನು ನಾಲಿಗೆ ತುಂಬಿಬಿಡುತ್ತದೆ. ಆದ್ದರಿಂದ ಈ ಅಪಾಯ ಹೊಸಬರಿಗಿಂತ ಪಳಗಿದವರಿಗೇ ಜಾಸ್ತಿ.

ಇದನ್ನು ಒಂದು ಸಾಲಿನ ಮೇಲೆ ಇಟ್ಟು ನೋಡೋಣ. ಇದು ಯಾವ ಊರಿನ ಶಾಸನವೂ ಅಲ್ಲ, ವಿವರಿಸಲೆಂದು ಹೊಯ್ಸಳರ ಕಾಲದ ವೀರಗಲ್ಲುಗಳ ರೀತಿಯಲ್ಲಿ ಕಟ್ಟಿಕೊಂಡ ಮಾದರಿ. ಕಲ್ಲಿನಲ್ಲಿ ಒಂದು ಸಾಲಿನ ಉದ್ದ ಸುಮಾರು 60 ಸೆಂಟಿಮೀಟರ್, ಸಾಲಿಗೆ ಹೆಚ್ಚುಕಡಿಮೆ 20 ಅಕ್ಷರ ಎಂದಿಟ್ಟುಕೊಳ್ಳಿ. ಕಂಡದ್ದು ಇಷ್ಟು:

ಸ್ವಸ್ತಿ ಶ್ರೀ ಶಕವರುಷ ೧೦.೯ನೆಯ ಹೇವಿಳಂಬಿ ಸಂವತ್ಸರದ ಚೈತ್ರ ಸು . ಆ | ಶ್ರೀ ವೀರ ... ಹೊಯ್ಸಳದೇವರು ಪೃಥ್ವೀರಾಜ್ಯಂ ಗೆ[ಯ್ಯು]ತ್ತಮಿರೆ ... ಗಾವುಂಡನ ಮಗ ಮಾ.ಯ ತುಱುವಂ ಮಗು. ಸುರಲೋಕಪ್ರಾ[ಪ್ತ]ನಾದ

ಚೌಕ ಕಂಸದೊಳಗೆ ಇರುವುದು ಅರ್ಧಂಬರ್ಧ ಉಳಿದ ಅಕ್ಷರ. ಚುಕ್ಕಿ ಎಂದರೆ ಏನೂ ಉಳಿದಿಲ್ಲ.

ಮೊದಲು ಇಸವಿ. ಶಕವರ್ಷದ ಹತ್ತರ ಸ್ಥಾನದ ಅಂಕಿ ಹೋಗಿದೆ, ಸಂವತ್ಸರದ ಹೆಸರು ಉಳಿದಿದೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. 2017ರ ಯುಗಾದಿಗೆ ಹೇವಿಳಂಬಿ ಬಂದಿದ್ದು ಹಲವರಿಗೆ ನೆನಪಿರಬಹುದು. ಅಲ್ಲಿಂದ ಅರವತ್ತರವತ್ತರಂತೆ ಹಿಂದೆ ಎಣಿಸುತ್ತ ಹೋದರೆ 1177 ಸಿಗುತ್ತದೆ, ಆಮೇಲೆ 1117. ಶಕವರ್ಷಕ್ಕೆ ತಿರುಗಿಸಲು 78 ಕಳೆದರೆ 1099 ಮತ್ತು 1039. ಎರಡೂ ೯ರಿಂದಲೇ ಕೊನೆಗೊಳ್ಳುತ್ತವೆ. ಸವೆದ ಕಲ್ಲಿನಲ್ಲಿ ೬ ಮತ್ತು ೯ ಒಂದನ್ನೊಂದು ಹೋಲಬಹುದು, ಆದರೆ ಸಾವಿರದಿಂದ ಸಾವಿರದ ನೂರರೊಳಗೆ ೬ರಿಂದ ಕೊನೆಗೊಳ್ಳುವ ಯಾವ ಶಕವರ್ಷಕ್ಕೂ ಹೇವಿಳಂಬಿ ಕೂಡುವುದಿಲ್ಲ. ಹಾಗಾಗಿ ಕೊನೆಯ ಅಂಕಿಯ ಓದಿಗೆ ಸಂವತ್ಸರದ ಬೆಂಬಲ ಸಿಕ್ಕಿತು, ಅದನ್ನು ಧೈರ್ಯವಾಗಿ ಹೇಳಬಹುದು. ಹತ್ತರ ಸ್ಥಾನದ ಅಂಕಿಗೆ ಬೆಂಬಲವಿಲ್ಲ. ಅದು ೩ ಆಗಬಹುದು, ೯ ಆಗಬಹುದು.

ಇಲ್ಲೇ ಕೈ ಜಾರುವುದು. ಶಕ 1039ರ ಹೇವಿಳಂಬಿ ಎಂದರೆ ಬೇಲೂರಿನ ವಿಜಯನಾರಾಯಣ ದೇವರ ಪ್ರತಿಷ್ಠೆಯ ವರ್ಷ, ವಿಷ್ಣುವರ್ಧನನ ಕಾಲ. ಹೊಯ್ಸಳರ ಇತಿಹಾಸ ಓದಿದವರಿಗೆಲ್ಲ ಅದು ಪರಿಚಿತ ಇಸವಿ. ಪರಿಚಿತವಾದದ್ದೇ ಮೊದಲು ಮನಸ್ಸಿಗೆ ಬರುತ್ತದೆ, ಬಂದ ಕೂಡಲೇ ಕಲ್ಲಿನ ಗೀರುಗಳಲ್ಲಿ ೩ ಕಾಣತೊಡಗುತ್ತದೆ. ಶಕ 1099 ಆದರೆ ಆಳುತ್ತಿದ್ದವನು ಎರಡನೇ ಬಲ್ಲಾಳ. ರಾಜನ ಹೆಸರಾದರೂ ದಾರಿ ತೋರಿಸೀತೇ ಎಂದು ನೋಡಿದರೆ ‘ವೀರ’ ಮತ್ತು ‘ಹೊಯ್ಸಳದೇವರು’ ನಡುವೆ 8 ಸೆಂಟಿಮೀಟರ್ ಖಾಲಿ. ಒಂದು ಅಕ್ಷರಕ್ಕೆ ಸರಾಸರಿ 3 ಸೆಂಟಿಮೀಟರ್ ಎಂದರೆ ಅಲ್ಲಿ ಎರಡು ಅಥವಾ ಮೂರು ಅಕ್ಷರ ಕೂರುತ್ತವೆ. ವಿಷ್ಣುವರ್ಧನನ ಬಿರುದು ವೀರಗಂಗ: ‘ಗಂಗ’ ಎರಡು ಅಕ್ಷರ. ಬಲ್ಲಾಳನನ್ನು ಶಾಸನಗಳು ಕರೆಯುವುದೇ ವೀರಬಲ್ಲಾಳ ಎಂದು: ‘ಬಲ್ಲಾಳ’ ಮೂರು. ಒತ್ತಕ್ಷರ ಕೆಳಗೆ ಹೋಗುವುದರಿಂದ ಅಗಲಕ್ಕೆ ಅಷ್ಟಾಗಿ ಸೇರುವುದಿಲ್ಲ. ಅಳತೆ ಎರಡಕ್ಕೂ ಜಾಗ ಕೊಡುತ್ತದೆ.

ಇನ್ನು ಉಳಿದದ್ದು ವಾರ. ‘ಆ’ ಎಂದರೆ ಆದಿವಾರ, ‘ಸು’ ಎಂದರೆ ಶುದ್ಧ. ತಿಥಿಯ ಅಂಕಿ ಉಳಿದಿದ್ದರೆ ಎರಡೂ ವರ್ಷಗಳ ಪಂಚಾಂಗ ಲೆಕ್ಕ ಹಾಕಿ ಯಾವ ವರ್ಷ ಆ ತಿಥಿಗೆ ಆದಿವಾರ ಬರುತ್ತದೆ ಎಂದು ನೋಡಬಹುದಿತ್ತು. ಅಂಕಿಯೇ ಇಲ್ಲದಿದ್ದರೆ ಒಂದು ಪಕ್ಷದಲ್ಲಿ ಸಾಮಾನ್ಯವಾಗಿ ಎರಡು ಆದಿವಾರ ಬರುತ್ತವೆ, ಅದು ಯಾವ ವರ್ಷವಾದರೂ ಸರಿ. ಅಕ್ಷರದ ರೂಪ ನೋಡಿ ನಿರ್ಧರಿಸೋಣ ಎಂದರೆ 60 ವರ್ಷದ ಅಂತರವನ್ನು ಲಿಪಿಯೊಂದರಿಂದಲೇ ಬೇರ್ಪಡಿಸಲು ಆಗುವುದಿಲ್ಲ. ಅಜ್ಜನ ಕೈಯಲ್ಲಿ ಕಲಿತ ರೂವಾರಿ ಅಜ್ಜನ ಅಕ್ಷರವನ್ನೇ ಕಡೆಯುತ್ತಾನೆ. ಆದ್ದರಿಂದ ಸರಿಯಾದ ಉತ್ತರ ಹೀಗಿರಬೇಕು: ‘ಶಕ 1039 ಅಥವಾ 1099, ಅಂದರೆ ಕ್ರಿ.ಶ. 1117 ಅಥವಾ 1177. ಹತ್ತರ ಅಂಕಿಯೂ ತಿಥಿಯೂ ನಷ್ಟವಾಗಿರುವುದರಿಂದ ನಿರ್ಣಯಿಸಲು ಆಗಿಲ್ಲ.’ ಇದನ್ನು ಬರೆಯಲು ನಾಚಿಕೆ ಪಡಬೇಕಾದ್ದೇನಿಲ್ಲ. ಬೇಲೂರಿನ ವರ್ಷ ಎಂದು ಒಂದೇ ಮಾತಿನಲ್ಲಿ ಹೇಳಿದವರಿಗಿಂತ ಹೀಗೆ ಬರೆದವರು ಹೆಚ್ಚು ಕೆಲಸ ಮಾಡಿದ್ದಾರೆ.

ಹಾಗೆಂದು ಕಾಣದ ಅಕ್ಷರವನ್ನು ಯಾವತ್ತೂ ತುಂಬಬಾರದು ಎಂದೇನೂ ಅಲ್ಲ. ‘ಗೆ[ಯ್ಯು]ತ್ತಮಿರೆ’, ‘ಸುರಲೋಕಪ್ರಾ[ಪ್ತ]ನಾದ’ ಇವುಗಳಲ್ಲಿ ಅರ್ಧ ರೇಖೆ ಉಳಿದಿದೆ, ಹಿಂದೆಮುಂದೆ ಅಕ್ಷರ ಸ್ಪಷ್ಟವಿದೆ, ಇದೇ ಮಾತು ನೂರಾರು ಶಾಸನಗಳಲ್ಲಿ ಬರುತ್ತದೆ. ತುಂಬಿ, ಕಂಸ ಹಾಕಿದರೆ ಯಾರಿಗೂ ಮೋಸವಿಲ್ಲ. ‘ತುಱುವಂ ಮಗು.’ ಎಂಬಲ್ಲಿ ಸ್ವಲ್ಪ ತಡೆಯಬೇಕು. ದನಗಳನ್ನು ಮರಳಿಸಿದ ಎಂಬ ಅರ್ಥದಲ್ಲಿ ಅನುಮಾನವಿಲ್ಲ. ಆದರೆ ಕಲ್ಲಿನಲ್ಲಿ ಇದ್ದದ್ದು ಮಗುೞ್ಚಿಯೋ ಮಗುಳ್ಚಿಯೋ ಮಗುರ್ಚಿಯೋ? ಅರ್ಥ ಮಾತ್ರ ಬೇಕಾದವರಿಗೆ ಮೂರೂ ಒಂದೇ. ೞ ಎಂಬ ಅಕ್ಷರ ಯಾವ ಸೀಮೆಯಲ್ಲಿ ಯಾವಾಗ ಬಳಕೆ ತಪ್ಪಿತು ಎಂದು ಹುಡುಕುವವರಿಗೆ ಇದೇ ಮುಖ್ಯ. ನೀವು ಅಭ್ಯಾಸಬಲದಿಂದ ೞ ಬರೆದರೆ ಅವರ ಪಟ್ಟಿಗೆ ಇಲ್ಲದ ಸಾಕ್ಷಿಯೊಂದು ಸೇರುತ್ತದೆ. ಅರ್ಥವನ್ನು ಟಿಪ್ಪಣಿಯಲ್ಲಿ ಹೇಳಿ, ಪಾಠದಲ್ಲಿ ಚುಕ್ಕಿ ಉಳಿಸಿ.

ವೀರನ ಹೆಸರಿಗೆ ಬಂದರೆ ಇಷ್ಟೂ ಆಸರೆ ಇಲ್ಲ. ಮಾ.ಯ: ಮಾಚಯ, ಮಾದಯ, ಮಾರಯ, ಮಾಳಯ. ನಾಲ್ಕೂ ಹೊಂದುತ್ತವೆ, ನಾಲ್ಕೂ ಒಂದೇ ಅಗಲ. ಹೆಸರು, ಊರು, ಅಂಕಿ, ಭೂಮಿಯ ಅಳತೆ, ಗದ್ಯಾಣದ ಲೆಕ್ಕ ಇವು ಯಾವ ಸಿದ್ಧ ಮಾದರಿಗೂ ಸಿಗದ ಮಾತುಗಳು. ಬೇರೆ ಶಾಸನ ಎಷ್ಟು ಓದಿದ್ದರೂ ಈ ಕಲ್ಲಿನ ಹೆಸರು ಗೊತ್ತಾಗುವುದಿಲ್ಲ. ದುರದೃಷ್ಟಕ್ಕೆ ಓದುಗರು ಮೊದಲು ಕೇಳುವುದೂ ಇವನ್ನೇ. ‘ಮಾರಯ’ ಎಂದು ಒಮ್ಮೆ ಹೇಳಿಬಿಟ್ಟರೆ ಮುಂದಿನ ವರ್ಷ ಅದು ಊರಿನ ಬೋರ್ಡಿನ ಮೇಲಿರುತ್ತದೆ, ಅದರ ಮುಂದಿನ ವರ್ಷ ಯಾವುದೋ ಮನೆತನದ ಮೂಲಪುರುಷನಾಗಿರುತ್ತಾನೆ. ಆಮೇಲೆ ಬಂದು ‘ಆ ಅಕ್ಷರ ಕಾಣುವುದಿಲ್ಲ’ ಎಂದವರ ಮಾತನ್ನು ಯಾರೂ ಕೇಳುವುದಿಲ್ಲ.

ಕಾಣುವುದಿಲ್ಲ ಎನ್ನುವ ಮುಂಚೆ ಕಾಣಿಸಿಕೊಳ್ಳಲು ಮಾಡಬೇಕಾದ್ದೂ ಇದೆ. ಕಲ್ಲನ್ನು ನೀರು ಮತ್ತು ಮೆದು ಬ್ರಷ್‌ನಿಂದ ತೊಳೆಯಿರಿ, ತಂತಿಯ ಬ್ರಷ್ ಬೇಡ, ಆಸಿಡ್ ಬೇಡವೇ ಬೇಡ. ನೆತ್ತಿಯ ಬಿಸಿಲಿನಲ್ಲಿ ತೆಗೆದ ಫೋಟೋ ಉಪಯೋಗಕ್ಕೆ ಬರುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ತೆಗೆಯಿರಿ, ಇಲ್ಲವೇ ಕತ್ತಲಲ್ಲಿ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಬದಿಯಿಂದ ಹಿಡಿದು ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕು ಕಡೆಯಿಂದ ಒಂದೊಂದು ಫೋಟೋ. ಉಳಿ ಕಡೆದ ಗೆರೆಯ ನೆರಳು ಬೆಳಕಿನೊಂದಿಗೆ ಬದಿ ಬದಲಿಸುತ್ತದೆ. ಕಲೆ, ಪಾಚಿ, ಬಣ್ಣದ ಗೆರೆ ಎಲ್ಲ ಫೋಟೋದಲ್ಲೂ ಒಂದೇ ಥರ ನಿಂತಿರುತ್ತವೆ. ಅನುಸ್ವಾರಕ್ಕೆ ಈ ಪರೀಕ್ಷೆ ಸಾಲುವುದಿಲ್ಲ, ಏಕೆಂದರೆ ಕಲ್ಲಿನ ಸಹಜ ಗುಳಿಗೂ ನೆರಳಿರುತ್ತದೆ. ಅದೇ ಸಾಲಿನ ಬೇರೆ ಅನುಸ್ವಾರಗಳ ಗಾತ್ರ, ಎತ್ತರಕ್ಕೆ ಹೋಲಿಸಿ ನೋಡಬೇಕು. ಸೊನ್ನೆ ಎಂದು ನಂಬಿದ್ದು ಎಷ್ಟೋ ಸಲ ಗುಳಿಯಾಗಿರುತ್ತದೆ.

ಪಡಿಯಚ್ಚು ಇನ್ನೂ ಒಳ್ಳೆಯದು. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ಗುಳಿಗೆ ಕೂರಿಸಿ, ಮೇಲೆ ಮಸಿ ಒತ್ತಿದರೆ ಅಕ್ಷರ ಬಿಳಿಯಾಗಿ ಬರುತ್ತದೆ. ಇದನ್ನು ಪಳಗಿದವರಿಂದಲೇ ಮಾಡಿಸಬೇಕು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅಂಥ ಸ್ಕ್ಯಾನಿನಲ್ಲಿ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡಬಹುದು.

ಮಾಡಲೇಬಾರದ್ದು ಒಂದಿದೆ: ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣವನ್ನೋ ಬಣ್ಣವನ್ನೋ ಗೆರೆಯ ಮೇಲೆ ತಿದ್ದುವುದು. ತಿದ್ದುವವನು ತಾನು ಓದಿದ್ದನ್ನೇ ತಿದ್ದುತ್ತಾನೆ. ೩ ಎಂದು ಅವನಿಗೆ ಅನ್ನಿಸಿದರೆ ಸುಣ್ಣ ೩ರ ಆಕಾರದಲ್ಲೇ ಓಡುತ್ತದೆ, ಫೋಟೋದಲ್ಲಿ ಎಲ್ಲರಿಗೂ ೩ ಕಾಣುತ್ತದೆ. ಅವನ ಊಹೆಗೆ ಕಲ್ಲಿನ ಸಹಿ ಬಿದ್ದಂತಾಯಿತು. ಇಂಥ ಫೋಟೋ ಬಂದರೆ ಓದಿಕೊಡಬೇಡಿ, ತೊಳೆದು ಮತ್ತೊಮ್ಮೆ ತೆಗೆದು ಕಳಿಸಲು ಹೇಳಿ.

ಅಕ್ಷರ ಸ್ಪಷ್ಟವಾಗಿದ್ದರೂ ಕೆಲವು ವಿಷಯ ಕಲ್ಲಿನಿಂದ ತಿಳಿಯುವುದಿಲ್ಲ. ಹಳೆಯ ಬರವಣಿಗೆಯಲ್ಲಿ ಎ-ಏ, ಒ-ಓ ಗಳ ಹ್ರಸ್ವ ದೀರ್ಘಕ್ಕೆ ಬೇರೆ ಬೇರೆ ಗುರುತು ಇರಲಿಲ್ಲ. ‘ಕೆತ’ ಎಂದು ಕಂಡ ಹೆಸರು ಕೆತನೂ ಇರಬಹುದು, ಕೇತನೂ ಇರಬಹುದು. ಕೇತ ಎಂಬ ಹೆಸರು ಬಳಕೆಯಲ್ಲಿತ್ತು ಎಂಬ ಕಾರಣಕ್ಕೆ ಹಾಗೆ ಓದುತ್ತೇವೆ, ದೀರ್ಘ ನಾವು ಸೇರಿಸಿದ್ದು. ಅಪರಿಚಿತ ಊರಿನ ಹೆಸರಾದರೆ ಕಂಡಂತೆಯೇ ಬರೆದು, ದೀರ್ಘವೂ ಆಗಬಹುದು ಎಂದು ಟಿಪ್ಪಣಿ ಹಾಕಬೇಕು.

ಇಬ್ಬರು ಓದುವುದಾದರೆ ಮೊದಲೇ ಮಾತಾಡಿಕೊಳ್ಳಬಾರದು. ಒಬ್ಬರು ‘ಇಲ್ಲಿ ಮಾರಯ ಅಂತಿದೆ ನೋಡಿ ಸರ್’ ಎಂದ ಮೇಲೆ ಇನ್ನೊಬ್ಬರ ಕಣ್ಣಿಗೆ ರ ಬಿಟ್ಟು ಬೇರೆ ಕಾಣುವುದು ಕಷ್ಟ. ಬೇರೆ ಬೇರೆ ಕೂತು ಬರೆದು, ಆಮೇಲೆ ಎರಡು ಹಾಳೆ ಪಕ್ಕಪಕ್ಕ ಇಡಿ. ಎಲ್ಲಿ ಹೊಂದಲಿಲ್ಲವೋ ಅಲ್ಲಿ ಮತ್ತೆ ಕಲ್ಲಿನ ಹತ್ತಿರ ಹೋಗಬೇಕು. ಆಗಲೂ ಒಪ್ಪಿಗೆಯಾಗದಿದ್ದರೆ ಎರಡೂ ಓದನ್ನು ಕೊಡಬೇಕು, ಹಿರಿಯರ ಓದು ಎಂಬ ಕಾರಣಕ್ಕೆ ಒಂದನ್ನು ಉಳಿಸಬಾರದು.

ಬಿ. ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ, ಕೊಡಗಿನ ಶಾಸನಗಳದ್ದು, ಅಚ್ಚಾದದ್ದು 1886ರಲ್ಲಿ. ಆ ಮಾಲೆಯ ಪುಟಗಳಲ್ಲಿ ಸಾಲುಸಾಲು ಚುಕ್ಕಿಗಳಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಪರಿಷ್ಕೃತ ಸಂಪುಟಗಳನ್ನು ತರತೊಡಗಿತು. ಮರು ಓದಿಗೆ ಕೂತವರು ಮೊದಲು ಹೋಗಬೇಕಾದದ್ದು ಆ ಚುಕ್ಕಿಗಳ ಕಡೆಗೇ. ಅಲ್ಲಿ ಏನಾದರೊಂದು ತುಂಬಿದ್ದಿದ್ದರೆ ಮತ್ತೆ ನೋಡಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಹಾಗಾಗಿ ಓದಿ ಹಾಕುವಾಗ ಪಾಠದ ಕೆಳಗೆ ನಾಲ್ಕು ಸಾಲು ಸೇರಿಸಿ. ಓದಿದ್ದು ಕಲ್ಲು ನೋಡಿಯೋ, ಪಡಿಯಚ್ಚಿನಿಂದಲೋ, ಬರಿಯ ಫೋಟೋದಿಂದಲೋ. ಎಷ್ಟನೇ ಸಾಲಿನಲ್ಲಿ ಎಷ್ಟು ಸೆಂಟಿಮೀಟರ್ ನಷ್ಟ, ಅಂದಾಜು ಎಷ್ಟು ಅಕ್ಷರ. ಕಂಸದಲ್ಲಿ ತುಂಬಿದ್ದಕ್ಕೆ ಆಧಾರವೇನು. ಯಾವ ಅಕ್ಷರಕ್ಕೆ ಬೇರೆ ಓದು ಸಾಧ್ಯ. ಫೋಟೋ ಮಾತ್ರ ಇದ್ದು ಅದೂ ಮಸುಕಾಗಿದ್ದರೆ ‘1 ಮತ್ತು 2ನೇ ಸಾಲು ಓದಬಹುದು, 3ನೆಯದರಲ್ಲಿ ಗಾವುಂಡ ಎಂಬ ಪದ ಬಿಟ್ಟರೆ ಏನೂ ಸಿಗುತ್ತಿಲ್ಲ, ಓರೆ ಬೆಳಕಿನ ಫೋಟೋ ಬೇಕು’ ಎಂದು ಬರೆದು ಅಲ್ಲಿಗೆ ನಿಲ್ಲಿಸಿ. ಕೇಳಿದವರು ಸಂಜೆ ಹೋಗಿ ಇನ್ನೊಂದು ಫೋಟೋ ತೆಗೆದು ತರಬಹುದು.